ನಮ್ಮ ಹಳೇ ಮನೆ ಹಳೆಯದಲ್ಲ: ಫ್ರೆಂಚಿನಲ್ಲಿ ಪದದ ಜಾಗ ಬದಲಾದರೆ ಅರ್ಥ ಯಾಕೆ ಬದಲಾಗುತ್ತೆ?

ಹೋದ ತಿಂಗಳು ಒಂದು ಸಂಜೆ ಪಕ್ಕದ ಮನೆ ಹುಡುಗಿ ಒಂದು ಹಾಳೆ ಹಿಡಿದುಕೊಂಡು ಬಂದಳು. ಇಲ್ಲೇ ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ, ಭಾಷೆಗೆ ಫ್ರೆಂಚ್ ತೆಗೆದುಕೊಂಡಿದ್ದಾಳೆ. ಮೂರು ತಿಂಗಳ ಮಟ್ಟಿಗೆ ಫ್ರಾನ್ಸಿಗೆ ಹೋಗುವ ಅವಕಾಶ ಸಿಕ್ಕಿದೆ. ಅಲ್ಲಿ ಅವಳನ್ನು ಇಟ್ಟುಕೊಳ್ಳುವ ಮನೆಯವರಿಗೆ ತನ್ನ ಪರಿಚಯ ಹೇಳಿ ಒಂದು ಪತ್ರ ಬರೆಯಬೇಕಿತ್ತು. ಬರೆದಿದ್ದಳು. ಅವಳ ಮೇಷ್ಟ್ರು ಅದರಲ್ಲಿ ಐದು ಕಡೆ ಕೆಂಪು ಶಾಯಿಯಲ್ಲಿ ಬಾಣದ ಗುರುತು ಹಾಕಿ, ಪಕ್ಕದಲ್ಲಿ ‘ಜಾಗ’ ಅಂತ ಮಾತ್ರ ಬರೆದಿದ್ದರು.

‘ಆಂಟಿ, ಸ್ಪೆಲಿಂಗ್ ಸರಿಯಿದೆ, ಗ್ರಾಮರ್ ಸರಿಯಿದೆ. ಪದ ಹಿಂದೆ ಇದ್ದರೇನು ಮುಂದೆ ಇದ್ದರೇನು?’ ಅಂದಳು.

ನಾನು ಸಂಜೆ ಹೊತ್ತು ಫ್ರೆಂಚ್ ಹೇಳಿಕೊಡುವವಳು. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಆದರೆ ಒಂದೇ ಹಾಳೆಯಲ್ಲಿ ಐದೂ ತಪ್ಪು ಹೀಗೆ ಸಾಲಾಗಿ ನಿಂತಿದ್ದನ್ನು ನೋಡಿದ್ದು ಇದೇ ಮೊದಲು. ಅವಳು ಬರೆದಿದ್ದನ್ನು ಫ್ರೆಂಚ್ ಮನೆಯೊಡತಿ ಓದಿದರೆ ಅವರಿಗೆ ತಿಳಿಯೋದು ಇಷ್ಟು: ಈ ಹುಡುಗಿಯ ಮನೆ ಬಹಳ ಹಳೆಯದು, ಇವಳ ತಾತ ಪಾಪದ ರೈತ, ಇವಳು ಹೋದ ವರ್ಷದಲ್ಲಿ ಓದುತ್ತಿದ್ದಾಳೆ, ಒಂಟಿ ಹುಡುಗಿ, ಮತ್ತೆ ಇವಳಿಗೆ ಕ್ಲೀನಾಗಿರೋ ರೂಮ್ ಬೇಕಂತೆ. ಕೊನೆಯದನ್ನು ಕೇಳಿ ಹುಡುಗಿ ನಾಲಿಗೆ ಕಚ್ಚಿಕೊಂಡಳು. ಅವಳು ಹೇಳಹೊರಟದ್ದು ಇದ್ಯಾವುದೂ ಅಲ್ಲ.

ಮೊದಲು ಕನ್ನಡದಲ್ಲಿ ಏನಾಗುತ್ತೆ ನೋಡೋಣ

ವಸ್ತು, ವ್ಯಕ್ತಿ, ಊರು ಇವುಗಳ ಹೆಸರು ಹೇಳುವ ಪದ ನಾಮಪದ: ಮನೆ, ರೈತ, ಗಡಿಯಾರ. ಅದು ಹೇಗಿದೆ, ಎಂಥದ್ದು ಅಂತ ಹೇಳುವ ಪದ ಗುಣವಾಚಕ: ಹಳೇ, ಬಡ, ದೊಡ್ಡ. ಈ ಲೇಖನಕ್ಕೆ ಈ ಎರಡು ಪದ ಗೊತ್ತಿದ್ದರೆ ಸಾಕು.

ಕನ್ನಡದಲ್ಲಿ ಗುಣವಾಚಕ ನಾಮಪದಕ್ಕೆ ಮೊದಲೇ ಬರುತ್ತದೆ. ಮೈಸೂರಲ್ಲಿ ಆಟೋದವರಿಗೆ ‘ದೊಡ್ಡ ಗಡಿಯಾರ’ ಅಂತೀವಿ, ‘ಚಿಕ್ಕ ಗಡಿಯಾರ’ ಅಂತೀವಿ. ‘ಗಡಿಯಾರ ದೊಡ್ಡ’ ಅಂದರೆ ಮಾತು ಅರ್ಧಕ್ಕೇ ನಿಂತಂತೆ, ಆಟೋದವರು ‘ಏನು?’ ಅಂತ ಹಿಂತಿರುಗಿ ನೋಡುತ್ತಾರೆ. ‘ಗಡಿಯಾರ ದೊಡ್ಡದು’ ಅಂದರೆ ಸರಿ, ಆದರೆ ಅದು ಹೆಸರಲ್ಲ, ಪೂರ್ತಿ ಒಂದು ವಾಕ್ಯ. ‘ದೊಡ್ಡ’ ಅನ್ನೋದು ‘ದೊಡ್ಡದು’ ಆಗಿ ರೂಪವನ್ನೇ ಬದಲಿಸಿಕೊಂಡಿತು ನೋಡಿ. ಜಾಗ ಬಿಟ್ಟು ಹೋಗಬೇಕಾದರೆ ಕನ್ನಡದ ಗುಣವಾಚಕ ಬಟ್ಟೆ ಬದಲಿಸಿಕೊಂಡೇ ಹೋಗುತ್ತದೆ.

ಹಾಗಾಗಿ ನಮಗೆ ಜಾಗದ ಬಗ್ಗೆ ಯೋಚನೆ ಮಾಡುವ ಅಭ್ಯಾಸವೇ ಇಲ್ಲ. ಇರೋದು ಒಂದೇ ಜಾಗ. ಒಂದೇ ಪದಕ್ಕೆ ಎರಡು ಅರ್ಥ ಇದ್ದರೆ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ.

ಫ್ರೆಂಚಿನಲ್ಲಿ ಎರಡು ಜಾಗ ಇದೆ. ಹೆಚ್ಚಿನ ಗುಣವಾಚಕಗಳು ನಾಮಪದದ ನಂತರ ಬರುತ್ತವೆ. ಬಣ್ಣ, ಆಕಾರ, ಯಾವ ದೇಶದ್ದು ಅಂತ ಹೇಳುವ ಪದಗಳೆಲ್ಲ ನಂತರವೇ. ಕೆಂಪು ಕಾರು ಅನ್ನಬೇಕಾದರೆ ‘ವ್ವಾತ್ಯೂರ್ ರೂಜ್’, ಅಂದರೆ ‘ಕಾರು ಕೆಂಪು’ ಅನ್ನುವ ಸಾಲು. ಆದರೆ ದಿನಾ ಬಳಸುವ ಸಣ್ಣ ಸಣ್ಣ ಪದಗಳ ಒಂದು ಗುಂಪಿದೆ. ಒಳ್ಳೆಯ, ಕೆಟ್ಟ, ಚಂದದ, ಎಳೆಯ, ಮುದಿ, ದೊಡ್ಡ, ಚಿಕ್ಕ ಇಂಥವು. ಇವು ಕನ್ನಡದಂತೆಯೇ ಮೊದಲು ಬರುತ್ತವೆ. ಕ್ಲಾಸಿನಲ್ಲಿ ‘ಅಂದ, ವಯಸ್ಸು, ಗುಣ, ಗಾತ್ರ’ ಅಂತ ಬಾಯಿಪಾಠ ಮಾಡಿಸುವುದು ಇವನ್ನೇ. (ಉಚ್ಚಾರಣೆಯನ್ನು ಕನ್ನಡದಲ್ಲಿ ಹತ್ತಿರ ಹತ್ತಿರಕ್ಕೆ ಬರೆದಿದ್ದೇನೆ. ಮೂಗಿನಲ್ಲಿ ಹೊರಡಿಸುವ ಸ್ವರಗಳಿಗೆ ನಮ್ಮ ಲಿಪಿಯಲ್ಲಿ ಸರಿಯಾದ ಅಕ್ಷರ ಇಲ್ಲ, ಸುಮ್ನೆ ಸೊನ್ನೆ ಹಾಕಿದ್ದೇನೆ.)

ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡಿ ಮುಗಿಸಬಹುದಿತ್ತು. ತೊಂದರೆ ಇರೋದು ಎರಡೂ ಕಡೆ ನಿಲ್ಲಬಲ್ಲ ಹತ್ತಿಪ್ಪತ್ತು ಪದಗಳಲ್ಲಿ. ಈ ಕಡೆ ನಿಂತರೆ ಒಂದು ಅರ್ಥ, ಆ ಕಡೆ ನಿಂತರೆ ಇನ್ನೊಂದು.

ಮಂಡ್ಯದ ಹಳೇ ಮನೆ

ಹುಡುಗಿಯ ಮೊದಲ ವಾಕ್ಯ ‘ನಮ್ಮ ಹಳೇ ಮನೆ ಮಂಡ್ಯದಲ್ಲಿದೆ’ ಅಂತ. ಅವರು ಮೈಸೂರಿಗೆ ಬಂದು ಆರೇಳು ವರ್ಷ ಆಗಿದೆ. ಮಂಡ್ಯದ ಮನೆ ಹಳೆಯದೇನಲ್ಲ. ಟೈಲ್ಸ್ ಹಾಕಿದ ಆರ್‌ಸಿಸಿ ಮನೆ. ಈಗ ಇರುವ ಮನೆಯೇ ಅದಕ್ಕಿಂತ ಹಳೆಯದು, ಕೆಂಪು ಗಾರೆ ನೆಲ ಇದೆ. ಆದರೂ ಅವರ ಮನೆಯಲ್ಲಿ ‘ಹಳೇ ಮನೆ’ ಅಂದರೆ ಮಂಡ್ಯದ್ದು, ಯಾಕೆಂದರೆ ಮೊದಲು ಇದ್ದದ್ದು ಅಲ್ಲಿ.

ಕನ್ನಡದ ‘ಹಳೇ’ಗೆ ಎರಡು ಕೆಲಸ ಇದೆ ಅಂತಾಯಿತು. ಒಂದು, ಕಾಲ ಕಳೆದು ಹಳತಾದದ್ದು. ಇನ್ನೊಂದು, ಹಿಂದೆ ನಮ್ಮದಾಗಿದ್ದು ಈಗ ಅಲ್ಲದ್ದು. ನಾವು ಇದನ್ನು ಬೇರೆ ಮಾಡಿ ನೋಡುವುದೇ ಇಲ್ಲ. ‘ಅವರು ನಮ್ಮ ಹಳೇ ಮೇಷ್ಟ್ರು’ ಅಂದಾಗ ಮೇಷ್ಟ್ರಿಗೆ ಮೂವತ್ತೈದೇ ವರ್ಷ ಇರಬಹುದು.

ಫ್ರೆಂಚಿನ ‘ಆಂಸ್ಯಾಂ’ ಅನ್ನೋ ಪದಕ್ಕೂ ಇದೇ ಎರಡು ಕೆಲಸ. ಸ್ತ್ರೀಲಿಂಗದಲ್ಲಿ ಅದು ‘ಆಂಸ್ಯೆನ್’ ಆಗುತ್ತದೆ. ಮನೆ ಅಂದರೆ ‘ಮೇಜೋಂ’, ಅದು ಫ್ರೆಂಚಿನಲ್ಲಿ ಸ್ತ್ರೀಲಿಂಗ. ಹುಡುಗಿ ಬರೆದದ್ದು ‘ನೋತ್ರ್ ಮೇಜೋಂ ಆಂಸ್ಯೆನ್’, ಮನೆ ಮೊದಲು, ಹಳೇ ಆಮೇಲೆ. ಗುಣವಾಚಕ ನಂತರ ಬರಬೇಕು ಅಂತ ಓದಿದ್ದಳಲ್ಲ, ಹಾಗೇ ಹಾಕಿದ್ದಳು. ಅದರ ಅರ್ಥ ‘ಹಳೆಯ ಕಾಲದ ನಮ್ಮ ಮನೆ’. ಫ್ರಾನ್ಸಿನಲ್ಲಿ ಓದಿದವರು ತೊಟ್ಟಿ ಮನೆಯನ್ನೋ ಕಂಬದ ಜಗುಲಿಯನ್ನೋ ಊಹಿಸಿಕೊಳ್ಳುತ್ತಾರೆ. ಮೇಷ್ಟ್ರ ಬಾಣ ಹೇಳುತ್ತಿದ್ದದ್ದು ‘ನೋತ್ರ್ ಆಂಸ್ಯೆನ್ ಮೇಜೋಂ’ ಅಂತ ತಿರುಗಿಸು ಅಂತ. ಆಗ ಅದು ‘ಹಿಂದೆ ನಾವಿದ್ದ ಮನೆ’. ಕಟ್ಟಡಕ್ಕೆ ಎಷ್ಟು ವಯಸ್ಸಾಗಿದೆ ಅಂತ ಆ ಪದ ಏನೂ ಹೇಳುವುದಿಲ್ಲ.

ನಮ್ಮ ಕಡೆಯ ಇನ್ನೆರಡು ಉದಾಹರಣೆ ಕೊಟ್ಟೆ. ‘ಹಳೇ ಮೈಸೂರು ಭಾಗ’ ಅಂತ ಚುನಾವಣೆ ಬಂದಾಗೆಲ್ಲ ಟೀವಿಯಲ್ಲಿ ಕೇಳುತ್ತೇವೆ. ಅದು ಕೋಟೆ ಸುತ್ತಲಿನ ಹಳೇ ಊರಲ್ಲ, ಹಿಂದೆ ಮೈಸೂರು ಸಂಸ್ಥಾನ ಆಗಿದ್ದ ಸೀಮೆ. ಮಂಡ್ಯವೂ ಅದರಲ್ಲೇ ಬಂತು. ಫ್ರೆಂಚಿನಲ್ಲಿ ಇದಕ್ಕೆ ‘ಆಂಸ್ಯಾಂ’ ಮೊದಲು ಬರಬೇಕು. ಇನ್ನೊಂದು ಪಾಂಡವಪುರದ್ದು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಅವರ ಕಡೆಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಅದರಿಂದ ಬ್ರಿಟಿಷರ ಕಾಲದಲ್ಲಿ ಆ ಊರಿಗೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಈಗ ಅದು ಊರಿನ ಹಳೇ ಹೆಸರು: ‘ಆಂಸ್ಯಾಂ ನೋಂ’. ‘ನೋಂ’ ಅಂದರೆ ಹೆಸರು. ಹಳೇ ಅನ್ನೋದು ಮೊದಲು, ಯಾಕೆಂದರೆ ಅದು ಈಗ ಚಾಲ್ತಿಯಲ್ಲಿರುವ ಹೆಸರಲ್ಲ.

ದೊಡ್ಡಪ್ಪ ಕುಳ್ಳಗಿದ್ದರೂ ದೊಡ್ಡಪ್ಪನೇ

ಜಾಗ ಬದಲಾದರೆ ಅರ್ಥ ಯಾಕೆ ಬದಲಾಗಬೇಕು? ಇದಕ್ಕೆ ನಮ್ಮ ಮನೆಯಲ್ಲೇ ಒಳ್ಳೆಯ ಸಾಕ್ಷಿ ಇದೆ.

ದೊಡ್ಡಪ್ಪ ಅಂದರೆ ಅಪ್ಪನ ಅಣ್ಣ. ಅವರು ಐದಡಿ ಇದ್ದು ಅಪ್ಪ ಆರಡಿ ಇದ್ದರೂ ಅವರು ದೊಡ್ಡಪ್ಪನೇ. ಇಲ್ಲಿ ‘ದೊಡ್ಡ’ ಮನುಷ್ಯನ ಮೈಯನ್ನು ಅಳೆಯುತ್ತಿಲ್ಲ. ಅದು ‘ಅಪ್ಪ’ ಅನ್ನೋ ಪದದೊಳಗೆ ಸೇರಿಕೊಂಡು ಸಂಬಂಧವನ್ನೇ ಬೇರೆ ಮಾಡಿದೆ. ‘ನಮ್ಮಪ್ಪ ದೊಡ್ಡವರು’ ಅಂದಾಗ ಮಾತ್ರ ‘ದೊಡ್ಡ’ ಅಪ್ಪನಿಂದ ಬೇರೆಯಾಗಿ ನಿಂತು ಅವರ ವಯಸ್ಸನ್ನೋ ಘನತೆಯನ್ನೋ ಹೇಳುತ್ತದೆ.

ಫ್ರೆಂಚಿನಲ್ಲಿ ಮೊದಲು ಬರುವ ಗುಣವಾಚಕಕ್ಕೆ ಇದೇ ಸ್ವಭಾವ. ಅದು ನಾಮಪದಕ್ಕೆ ಅಂಟಿಕೊಳ್ಳುತ್ತದೆ, ಒಳಗೆ ಇಳಿಯುತ್ತದೆ. ನಂತರ ಬರುವ ಗುಣವಾಚಕ ಅಂಟಿಕೊಳ್ಳುವುದಿಲ್ಲ. ಪಕ್ಕದಲ್ಲಿ ನಿಂತು ವಸ್ತುವನ್ನು ನೋಡಿ, ಅದು ಹೇಗಿದೆ ಅಂತ ವರದಿ ಕೊಡುತ್ತದೆ. ಹಿಂದೆ ಇದ್ದ ಮನೆ ಅನ್ನುವಾಗ ‘ಹಳೇ’ ಗೋಡೆ, ಸೂರಿನ ಬಗ್ಗೆ ಹೇಳುತ್ತಿಲ್ಲ. ‘ನಮ್ಮ ಮನೆ’ ಅನ್ನೋದು ಮುಗಿದು ಹೋಯಿತು ಅಂತ ಹೇಳುತ್ತಿದೆ. ಅದಕ್ಕೇ ಮೊದಲಿನ ಜಾಗ.

‘ಗ್ರಾಂ’ ಅಂದರೆ ದೊಡ್ಡ. ಮನುಷ್ಯ ಅಥವಾ ಗಂಡಸು ‘ಓಮ್’. ‘ಓಮ್ ಗ್ರಾಂ’ ಅಂದರೆ ಎತ್ತರದ ಮನುಷ್ಯ. ತಿರುಗಿಸಿದರೆ ‘ಗ್ರಾಂತೋಮ್’, ಅಂದರೆ ದೊಡ್ಡ ಮನುಷ್ಯ, ಮಹಾಪುರುಷ. ಅಲ್ಲಿ ನಡುವೆ ಒಂದು ‘ತ’ ಬಂದದ್ದನ್ನು ಗಮನಿಸಿ. ಗ್ರಾಂ ಪದದ ಕೊನೆಯಲ್ಲಿ ಬರೆಯುವ, ಆದರೆ ಸಾಮಾನ್ಯವಾಗಿ ಉಚ್ಚರಿಸದ ಒಂದು ಅಕ್ಷರ ಇದೆ. ಹಿಂದೆಯೇ ಸ್ವರ ಬಂದರೆ ಅದು ‘ತ’ ಆಗಿ ಎದ್ದು ಬಂದು ಎರಡು ಪದವನ್ನೂ ಹೊಲಿದುಬಿಡುತ್ತದೆ. ನಮ್ಮ ಸಂಧಿ ಇದ್ದ ಹಾಗೆ. ‘ದೊಡ್ಡ’ ಮತ್ತು ‘ಅಪ್ಪ’ ಸೇರಿ ‘ದೊಡ್ಡಪ್ಪ’ ಆದಂತೆ ಅಂದುಕೊಳ್ಳಿ. ಅರ್ಥ ಅಂಟಿಕೊಂಡಿರುವುದು ಕಿವಿಗೂ ಕೇಳುತ್ತದೆ.

ಇನ್ನೊಂದು ತಮಾಷೆ. ಫ್ರೆಂಚಿನವರಿಗೂ ‘ದೊಡ್ಡ’ ಮತ್ತು ‘ಅಪ್ಪ’ ಸೇರಿದ ಪದ ಇದೆ: ‘ಗ್ರಾಂಪೇರ್’. ಆದರೆ ಅವರಿಗೆ ಅದು ದೊಡ್ಡಪ್ಪ ಅಲ್ಲ, ತಾತ!

ಪಾಪದ ರೈತ, ಬಡ ರೈತ

ಪತ್ರದ ಎರಡನೇ ಬಾಣ ತಾತನ ಬಗ್ಗೆಯೇ. ‘ನಮ್ಮ ತಾತ ಬಡ ರೈತ’ ಅಂತ ಹೇಳಬೇಕಿತ್ತು. ಇಲ್ಲಿ ಅವಳು ಕನ್ನಡದ ಸಾಲನ್ನೇ ಇಟ್ಟು ‘ಪೋವ್ರ್ ಪೇಯಿಜಾಂ’ ಅಂತ ಬರೆದಿದ್ದಳು. ‘ಪೇಯಿಜಾಂ’ ರೈತ. ‘ಪೋವ್ರ್’ ಮೊದಲು ಬಂದರೆ ಅದು ಹಣದ ಮಾತಾಗುವುದಿಲ್ಲ, ಕನಿಕರದ ಮಾತಾಗುತ್ತದೆ. ನಾವು ‘ಪಾಪ, ಆ ರೈತ’ ಅನ್ನುತ್ತೇವಲ್ಲ, ಆ ಪಾಪ. ಹತ್ತೆಕರೆ ಗದ್ದೆ ಇದ್ದು ಆಲೆಮನೆ ನಡೆಸುವ ಗೌಡರಿಗೂ ಕಷ್ಟ ಬಂದಾಗ ‘ಪಾಪ’ ಅನ್ನಬಹುದು. ಹಣ ಇಲ್ಲದ ರೈತ ಅಂತ ಹೇಳಬೇಕಾದರೆ ‘ಪೇಯಿಜಾಂ ಪೋವ್ರ್’. ಕನ್ನಡದಲ್ಲಿ ನಮಗೆ ‘ಪಾಪ’ ಮತ್ತು ‘ಬಡ’ ಅಂತ ಎರಡು ಪದವೇ ಇವೆ. ಫ್ರೆಂಚಿನಲ್ಲಿ ಪದ ಒಂದು, ಜಾಗ ಎರಡು.

‘ಇದನ್ನೆಲ್ಲ ಒಂದೊಂದಾಗಿ ನೆನಪಿಟ್ಟುಕೊಳ್ಳಬೇಕಾ?’ ಅಂತ ಕೇಳಿದಳು. ಬೇಕಿಲ್ಲ, ಒಂದು ಪರೀಕ್ಷೆ ಇದೆ. ನಾನು ಪಾಠ ಹೇಳುವಾಗ ಇದನ್ನೇ ನೆಚ್ಚಿಕೊಂಡಿರುವುದು. ಗುಣವಾಚಕವನ್ನು ನಾಮಪದದಿಂದ ಬಿಡಿಸಿ ವಾಕ್ಯದ ಕೊನೆಗೆ ತನ್ನಿ, ನಡುವೆ ‘ಎ’ ಅನ್ನೋ ಕ್ರಿಯಾಪದ ಇಡಿ. ಅದು ‘ಇದೆ’, ‘ಇದ್ದಾನೆ’ ಅನ್ನುವ ಅರ್ಥದ್ದು. ಅಂದರೆ ‘ಮನೆ ಹಳೆಯದು’, ‘ರೈತ ಬಡವ’ ಅನ್ನುವ ಥರದ ವಾಕ್ಯ ಮಾಡಿ. ಈ ವಾಕ್ಯದಲ್ಲಿ ಯಾವ ಅರ್ಥ ಉಳಿಯುತ್ತದೋ ಅದು ನಾಮಪದದ ನಂತರ ಬರುವ ಗುಣವಾಚಕದ ಅರ್ಥ. ಯಾವ ಅರ್ಥ ಉದುರಿ ಹೋಗುತ್ತದೋ ಅದಕ್ಕೆ ಮೊದಲಿನ ಜಾಗ.

ಕನ್ನಡದಲ್ಲೇ ಮಾಡಿ ನೋಡಿ. ‘ಅದು ನಮ್ಮ ಹಳೇ ಮನೆ’ ಅಂದರೆ ಹಿಂದೆ ಇದ್ದ ಮನೆ ಆಗಬಹುದು. ‘ನಮ್ಮ ಮನೆ ಹಳೆಯದು’ ಅಂದಾಗ ಆ ಅರ್ಥ ಹೋಯಿತು. ಬರೀ ಕಟ್ಟಡದ ವಯಸ್ಸು ಉಳಿಯಿತು. ‘ಪಾಪ’ವನ್ನು ಹಾಗೆ ಕೊನೆಗೆ ತಂದು ‘ಪೇಯಿಜಾಂ ಎ ಪೋವ್ರ್’ ಅಂತ ಫ್ರೆಂಚಿನಲ್ಲಿ ವಾಕ್ಯ ಮಾಡಿದರೆ ಕನಿಕರ ಹೋಗಿ ಬಡತನ ಮಾತ್ರ ಉಳಿಯುತ್ತದೆ. ಅಂಟಿಕೊಂಡಿದ್ದನ್ನು ಕಿತ್ತರೆ ಅಂಟಿನ ಅರ್ಥ ಉಳಿಯೋದಿಲ್ಲ, ಅಷ್ಟೇ.

ಕ್ಲೀನಾದ ರೂಮಿನ ಪ್ರಸಂಗ

ಈ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುವುದು ‘ಪ್ರೋಪ್ರ್’ ಅನ್ನೋ ಪದಕ್ಕೆ. ಹುಡುಗಿಗೆ ಬೇಕಿದ್ದದ್ದು ಸ್ವಂತಕ್ಕೆ ಒಂದು ರೂಮ್. ರಾತ್ರಿ ತಡವಾಗಿ ಓದುವ ಅಭ್ಯಾಸ, ಬೇರೆಯವರಿಗೆ ತೊಂದರೆ ಆಗಬಾರದು ಅಂತ. ನಿಘಂಟಿನಲ್ಲಿ ‘ಸ್ವಂತ’ ಅನ್ನುವುದಕ್ಕೆ ‘ಪ್ರೋಪ್ರ್’ ಅಂತ ಸಿಕ್ಕಿತು. ರೂಮಿಗೆ ‘ಶಾಂಬ್ರ್’. ಪಾಠದಲ್ಲಿ ಹೇಳಿದಂತೆ ನಂತರ ಹಾಕಿ ‘ಶಾಂಬ್ರ್ ಪ್ರೋಪ್ರ್’ ಅಂದಳು. ಅದರ ಅರ್ಥ ಶುಚಿಯಾದ ರೂಮ್. ‘ಪ್ರೋಪ್ರ್ ಶಾಂಬ್ರ್’ ಅಂದಿದ್ದರೆ ಸ್ವಂತ ರೂಮ್ ಆಗುತ್ತಿತ್ತು.

ಮುಖ ನೋಡದ ಹೆಂಗಸಿಗೆ, ಅವರ ಮನೆಗೆ ಹೋಗುವ ಮೊದಲೇ, ‘ನನಗೆ ಕ್ಲೀನಾಗಿರೋ ರೂಮ್ ಬೇಕು’ ಅಂತ ಬರೆದು ಕಳಿಸುವುದು. ಮಂಡ್ಯದಲ್ಲಿ ಯಾರ ಮನೆಗಾದರೂ ನೆಂಟಸ್ತನಕ್ಕೆ ಹೋಗುವ ಮುಂಚೆ ಹೀಗೆ ಹೇಳಿ ನೋಡಿ!

ಸ್ವಂತದ್ದಕ್ಕೂ ಶುಚಿಗೂ ಏನು ಸಂಬಂಧ ಅಂತ ಅನಿಸಬಹುದು. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ‘ತನ್ನದೇ ಆದ’ ಅಂತ ಅರ್ಥ. ತನಗೆ ತಕ್ಕದ್ದು, ಸರಿಯಾದದ್ದು, ಒಪ್ಪವಾದದ್ದು, ಹೀಗೆ ಸರಿದು ಸರಿದು ಫ್ರೆಂಚಿನಲ್ಲಿ ‘ಶುಚಿಯಾದ’ ಅನ್ನುವುದಕ್ಕೂ ಬಂತು. ಹಳೇ ಅರ್ಥ ಮೊದಲಿನ ಜಾಗದಲ್ಲಿ ಉಳಿದುಕೊಂಡಿತು, ಹೊಸ ಅರ್ಥ ನಂತರದ ಜಾಗಕ್ಕೆ ಹೋಯಿತು. ಈಗ ಪರೀಕ್ಷೆ ಹಾಕಿ: ‘ಶಾಂಬ್ರ್ ಎ ಪ್ರೋಪ್ರ್’ ಅಂದರೆ ರೂಮ್ ಶುಚಿಯಾಗಿದೆ ಅಂತ ಮಾತ್ರ. ಸ್ವಂತದ ಅರ್ಥ ಅಲ್ಲಿ ಬರುವುದೇ ಇಲ್ಲ.

ಹೋದ ವರ್ಷ, ಕೊನೇ ವರ್ಷ

ನಾಲ್ಕನೇ ಬಾಣ ಬೇರೆ ಜಾತಿಯದು. ಇದಕ್ಕೆ ಆ ಪರೀಕ್ಷೆ ನಡೆಯುವುದಿಲ್ಲ. ಆದರೆ ಕನ್ನಡ ಗೊತ್ತಿದ್ದವರಿಗೆ ಇದು ಬಹಳ ಸುಲಭ, ನಡುವೆ ಇಂಗ್ಲಿಷ್ ತರದೇ ಇದ್ದರೆ.

‘ನಾನು ಡಿಗ್ರಿಯ ಕೊನೇ ವರ್ಷದಲ್ಲಿದ್ದೇನೆ’ ಅಂತ ಅವಳ ವಾಕ್ಯ. ವರ್ಷಕ್ಕೆ ‘ಅನೇ’. ‘ದೆರ್ನ್ಯೇರ್’ ಅನ್ನುವ ಪದವನ್ನು ಇಂಗ್ಲಿಷಿನ ‘ಲಾಸ್ಟ್’ ಅಂತ ಕಲಿತಿದ್ದಳು. ‘ಅನೇ ದೆರ್ನ್ಯೇರ್’ ಅನ್ನೋ ಜೋಡಿ ಪಾಠದಲ್ಲಿ ಬಾಯಿಪಾಠ ಆಗಿತ್ತು. ಅದನ್ನೇ ಎತ್ತಿ ಹಾಕಿದಳು. ಅದರ ಅರ್ಥ ಹೋದ ವರ್ಷ. ಕೊನೇ ವರ್ಷ ಆಗಬೇಕಾದರೆ ‘ದೆರ್ನ್ಯೇರ್ ಅನೇ’.

ಇಂಗ್ಲಿಷಿನಲ್ಲಿ ಎರಡಕ್ಕೂ ‘ಲಾಸ್ಟ್’ ಒಂದೇ ಪದ ಇರುವುದರಿಂದ ಎಡವುತ್ತಾರೆ. ಕನ್ನಡದಲ್ಲಿ ಎಡವುವುದಕ್ಕೆ ದಾರಿಯೇ ಇಲ್ಲ. ‘ಹೋದ’ ಬೇರೆ, ‘ಕೊನೇ’ ಬೇರೆ. ‘ಹೋದ ವರ್ಷ ದಸರಾ ನೋಡೋಕೆ ನೆಂಟರು ಬಂದಿದ್ದರು’ ಅನ್ನುವಾಗ ಇವತ್ತಿನಿಂದ ಹಿಂದಕ್ಕೆ ಎಣಿಸುತ್ತಿದ್ದೇವೆ. ಆಗ ಪದ ನಂತರ. ‘ದಸರೆಯ ಕೊನೇ ದಿನ ಜಂಬೂಸವಾರಿ’ ಅನ್ನುವಾಗ ಹತ್ತು ದಿನದ ಸಾಲಿನಲ್ಲಿ ತುದಿಯಲ್ಲಿ ಇರುವುದನ್ನು ತೋರಿಸುತ್ತಿದ್ದೇವೆ. ಇವತ್ತಿಗೂ ಅದಕ್ಕೂ ಸಂಬಂಧ ಇಲ್ಲ. ಆಗ ಪದ ಮೊದಲು. ‘ಹೋದ’ ಅಂತ ಬಂದರೆ ಹಿಂದೆ ಹಾಕು, ‘ಕೊನೇ’ ಅಂತ ಬಂದರೆ ಮುಂದೆ ಹಾಕು ಅಂತ ಹೇಳಿದೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ನಾನು ಇದನ್ನು ಕನ್ನಡದಲ್ಲೇ ಹೇಳಿಕೊಡುವುದು.

‘ಮುಂದಿನ’ ಅನ್ನೋದಕ್ಕೆ ಈ ಉಪಾಯ ನಡೆಯದು. ‘ಮುಂದಿನ ವಾರ’ ಅಂತೀವಿ, ರೈಲಿನಲ್ಲಿ ಕೂತು ‘ಮುಂದಿನ ಸ್ಟೇಷನ್ ಮದ್ದೂರು’ ಅಂತಲೂ ಅಂತೀವಿ. ಫ್ರೆಂಚಿನಲ್ಲಿ ವಾರಕ್ಕಾದರೆ ಆ ಪದ ನಂತರ, ಸ್ಟೇಷನ್ನಿಗಾದರೆ ಮೊದಲು. ಕಾರಣ ಅದೇ. ವಾರವನ್ನು ಇವತ್ತಿನಿಂದ ಎಣಿಸುತ್ತೇವೆ. ಸ್ಟೇಷನ್ ಸಾಲಿನಲ್ಲಿ ಇರುವಂಥದ್ದು.

ಅಂದ ಹಾಗೆ ಜಾಗದ ಆಟ ಇಂಗ್ಲಿಷಿನಲ್ಲೂ ಇದೆ, ನಾವು ಗಮನಿಸಿರುವುದಿಲ್ಲ. ನಮ್ಮ ಆಫೀಸ್ ಪತ್ರಗಳಲ್ಲಿ ‘ಕನ್ಸರ್ನ್ಡ್ ಆಫೀಸರ್’ ಅಂತ ಬರೆಯುತ್ತಾರೆ, ಸಂಬಂಧಪಟ್ಟ ಅಧಿಕಾರಿ ಅನ್ನೋ ಅರ್ಥದಲ್ಲಿ. ಇಂಗ್ಲಿಷಿನವರು ಅದನ್ನು ‘ಆಫೀಸರ್ ಕನ್ಸರ್ನ್ಡ್’ ಅನ್ನುತ್ತಾರೆ. ಮೊದಲು ಹಾಕಿದರೆ ಅವರ ಕಿವಿಗೆ ‘ಚಿಂತೆಗೊಳಗಾದ ಅಧಿಕಾರಿ’ ಅಂತ ಕೇಳಿಸಬಹುದು. ಫೈಲು ನೋಡಿದರೆ ಕೆಲವೊಮ್ಮೆ ಅದೂ ಸರಿಯೇ ಅನಿಸುತ್ತೆ.

ಎಲ್ಲಿ ಈ ನಿಯಮ ಕೈಕೊಡುತ್ತೆ

‘ಗ್ರಾಂ’ ಮೊದಲು ಬಂದ ಕೂಡಲೇ ಮಹಾಪುರುಷ ಅಂದುಕೊಳ್ಳಬಾರದು. ‘ದೊಡ್ಡ ಮನೆ’ ಅನ್ನುವಾಗ ಅದು ಮೊದಲೇ ಬರುತ್ತದೆ, ಬರೀ ಗಾತ್ರವನ್ನೇ ಹೇಳುತ್ತದೆ. ಮನೆಗೆ ಮಹಿಮೆ ಎಲ್ಲಿಂದ ಬರಬೇಕು? ಅರ್ಥ ಒಡೆಯೋದು ಮುಖ್ಯವಾಗಿ ಮನುಷ್ಯರ ವಿಷಯದಲ್ಲಿ. ಅಲ್ಲೂ ಮೈ, ಬಣ್ಣ, ಕೂದಲು ಹೇಳುವ ಇನ್ನೊಂದು ಪದ ಹಿಂದೆ ಸೇರಿದರೆ ಅರ್ಥ ಮತ್ತೆ ಎತ್ತರಕ್ಕೇ ಬರುತ್ತದೆ. ‘ಗ್ರಾಂತೋಮ್ ಬ್ರಾಂ’ ಅಂದರೆ ಕಪ್ಪು ಕೂದಲಿನ ಎತ್ತರದ ಮನುಷ್ಯ. ನಾವು ‘ದೊಡ್ಡ ಮನುಷ್ಯ’ ಅಂದರೆ ಗೌರವ, ‘ದಪ್ಪ ಮೀಸೆಯ ದೊಡ್ಡ ಮನುಷ್ಯ’ ಅಂದರೆ ಆಳು ಹೇಗಿದ್ದಾನೆ ಅನ್ನೋ ಗುರುತು. ಅಷ್ಟೇ ವ್ಯತ್ಯಾಸ.

ಗುಣವಾಚಕಕ್ಕೆ ಬಾಲ ಇದ್ದರೆ ಅದು ನಂತರವೇ ಹೋಗಬೇಕು. ‘ಅರಮನೆಯಷ್ಟು ದೊಡ್ಡ ಮನೆ’ ಅನ್ನಬೇಕಾದರೆ ‘ಮೇಜೋಂ ಗ್ರಾಂದ್ ಕೊಮ್ ಅಂ ಪಾಲೆ’, ಅಂದರೆ ‘ಮನೆ, ದೊಡ್ಡದು, ಅರಮನೆಯ ಹಾಗೆ’ ಅನ್ನುವ ಸಾಲು. ಮೊದಲಿನ ಜಾಗ ಇಕ್ಕಟ್ಟು. ಅಲ್ಲಿ ಒಂದು ಸಣ್ಣ ಪದಕ್ಕೆ ಜಾಗ ಇದೆ, ಸಂಸಾರ ಸಮೇತ ಬರುವವರಿಗೆ ಇಲ್ಲ.

ಇನ್ನು ‘ಹೊಸ’. ನಮ್ಮೂರ ಕಡೆ ಯಾರಾದರೂ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದು ನಿಲ್ಲಿಸಿದರೂ ‘ಹೊಸ ಟ್ರ್ಯಾಕ್ಟರ್ ತಂದವ್ರೆ’ ಅಂತಾರೆ. ಅವರಿಗೆ ಹೊಸದು ತಾನೇ! ಇಂಥ ಹೊಸದಕ್ಕೆ ಫ್ರೆಂಚಿನಲ್ಲಿ ‘ನೂವೋ’ ಅಂತ ಪದ, ಅದು ಮೊದಲು ಬರುತ್ತದೆ. ಶೋರೂಮಿನಿಂದ ಇಳಿಸಿದ ಅಸಲಿ ಹೊಸದಾದರೆ ಅಲ್ಲಿ ಪದವೇ ಬದಲಾಗಿ ‘ನೋಫ್’ ಆಗುತ್ತದೆ, ನಂತರ ನಿಲ್ಲುತ್ತದೆ. ಇಲ್ಲಿ ಫ್ರೆಂಚಿನವರು ಜಾಗವನ್ನೊಂದೇ ನಂಬಲಿಲ್ಲ, ಬೇರೆ ಪದವನ್ನೂ ಇಟ್ಟುಕೊಂಡರು.

ಇಂಥ ವ್ಯತ್ಯಾಸ ಫ್ರೆಂಚಿನ ಸೋದರ ಭಾಷೆಗಳಲ್ಲೂ ಇದೆ. ಸ್ಪ್ಯಾನಿಷ್ ಕಲಿಯುವವರಿಗೂ ‘ಹಳೇ ಸ್ನೇಹಿತ’ ಮತ್ತು ‘ವಯಸ್ಸಾದ ಸ್ನೇಹಿತ’ ಅನ್ನುವುದನ್ನು ಜಾಗದಲ್ಲೇ ಬೇರೆ ಮಾಡಬೇಕು.

ಒಬ್ಬಳೇ ಹುಡುಗಿ

ಉಳಿದದ್ದು ಐದನೇ ಬಾಣ. ಇದನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ.

ಅವರದು ಕೂಡು ಕುಟುಂಬ. ಇವಳ ತಮ್ಮ, ಚಿಕ್ಕಪ್ಪನ ಇಬ್ಬರು ಗಂಡುಮಕ್ಕಳು, ಇವಳೊಬ್ಬಳೇ ಹುಡುಗಿ. ಅದನ್ನೇ ಹೆಮ್ಮೆಯಿಂದ ಬರೆಯಲು ಹೋಗಿ ‘ಫೀಯ್ ಸೋಲ್’ ಅಂತ ಬರೆದಿದ್ದಳು. ‘ಫೀಯ್’ ಹುಡುಗಿ, ‘ಸೋಲ್’ ಒಬ್ಬಳೇ. ಹಾಗೆ ಬರೆದರೆ ಅರ್ಥ ಒಂಟಿ ಹುಡುಗಿ, ಜೊತೆಗೆ ಯಾರೂ ಇಲ್ಲದವಳು. ಮೇಷ್ಟ್ರು ಇಲ್ಲಿ ಬಾಣದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದರು. ‘ಸೋಲ್ ಫೀಯ್’ ಅಂತ ತಿರುಗಿಸಿದರೆ ಇರುವವಳು ಒಬ್ಬಳೇ ಹುಡುಗಿ, ಬೇರೆ ಹುಡುಗಿಯರಿಲ್ಲ ಅಂತ.

‘ಕನ್ನಡದಲ್ಲಿ ಇಂಥದ್ದು ಇಲ್ಲ ಅಲ್ವಾ ಆಂಟಿ?’ ಅಂದಳು.

ನಾನು ಅವಳ ಹಾಳೆಯನ್ನೇ ತಿರುಗಿಸಿ ಹಿಂದುಗಡೆ ಎರಡು ಸಾಲು ಬರೆದೆ. ಮೊದಲನೆಯದು: ‘ಮನೆಯಲ್ಲಿ ಒಬ್ಬಳೇ ಹುಡುಗಿ ಇದ್ದಾಳೆ.’ ಎರಡನೆಯದು: ‘ಮನೆಯಲ್ಲಿ ಹುಡುಗಿ ಒಬ್ಬಳೇ ಇದ್ದಾಳೆ.’ ಓದು ಅಂದೆ. ಮೊದಲನೇ ಸಾಲಿನಲ್ಲಿ ಮನೆ ತುಂಬ ಜನ ಇರಬಹುದು, ಅವರಲ್ಲಿ ಹುಡುಗಿ ಒಂದೇ. ಎರಡನೇ ಸಾಲಿನಲ್ಲಿ ಮನೆಯಲ್ಲಿ ಬೇರೆ ಯಾರೂ ಇಲ್ಲ, ಬಾಗಿಲು ಹಾಕಿಕೊಂಡು ಅವಳೊಬ್ಬಳೇ ಕೂತಿದ್ದಾಳೆ. ವ್ಯಾಕರಣದ ಪ್ರಕಾರ ಎರಡನೆಯದರಲ್ಲಿ ‘ಒಬ್ಬಳೇ’ ಗುಣವಾಚಕದ ಕೆಲಸ ಬಿಟ್ಟು, ಅವಳು ಹೇಗಿದ್ದಾಳೆ ಅಂತ ಕ್ರಿಯಾಪದದ ಕಡೆ ವಾಲುತ್ತದೆ. ಆದರೆ ಕಿವಿಗೆ ಕೇಳುವುದು ಒಂದೇ ಪದ, ಎರಡು ಜಾಗ, ಎರಡು ಅರ್ಥ. ಯಾವ ಮಂಡ್ಯದ ಮಗುವೂ ಇದನ್ನು ತಪ್ಪು ಮಾಡುವುದಿಲ್ಲ, ಯಾರೂ ಹೇಳಿಕೊಟ್ಟೂ ಇರುವುದಿಲ್ಲ.

ಅವಳು ಎರಡು ಸಾಲನ್ನೂ ಮೆಲ್ಲಗೆ ಇನ್ನೊಮ್ಮೆ ಓದಿಕೊಂಡಳು. ಆಮೇಲೆ ಪೆನ್ನು ತೆಗೆದು ಐದೂ ಪದಗಳ ಜಾಗ ತಾನೇ ಬದಲಿಸಿದಳು. ಸ್ವಂತ ರೂಮಿನ ವಾಕ್ಯವನ್ನು ಮಾತ್ರ ಸರಿ ಮಾಡಿದ ಮೇಲೂ ಸ್ವಲ್ಪ ಹೊತ್ತು ನೋಡಿ, ಪೂರ್ತಿ ಹೊಡೆದು ಹಾಕಿದಳು.

‘ಅದನ್ನ ಅಲ್ಲಿಗೆ ಹೋದ ಮೇಲೆ ಕೇಳ್ತೀನಿ ಬಿಡಿ ಆಂಟಿ’ ಅಂದಳು.